ಗೆಳತಿಯ ಪ್ರಬಂಧಕ್ಕೊಂದು ವಿಮರ್ಶೆಯ ಪತ್ರ: ಅಕ್ಕನ ವಚನದ ಮೇಲಿನ ಬರಹವನ್ನು ಓದಿ, ಇದ್ದದ್ದನ್ನು ಇದ್ದ ಹಾಗೆ ಹೇಳುವ ಬಗೆ

ನಮ್ಮ ಶಿವಮೊಗ್ಗದ ಕಡೆ ‘ಅಡ್ಡಿಲ್ಲ’ ಅನ್ನುವ ಒಂದು ಮಾತಿದೆ. ಊಟ ಹೇಗಿತ್ತು ಅಂದರೆ ಅಡ್ಡಿಲ್ಲ, ಹುಡುಗ ಹೇಗೆ ಅಂದರೆ ಅಡ್ಡಿಲ್ಲ. ಎದುರಿಗಿದ್ದರೆ ಹೇಳಿದವರ ಮುಖ ನೋಡಿ ಅದು ಹೊಗಳಿಕೆಯೋ ಅಲ್ಲವೋ ಗೊತ್ತಾಗುತ್ತದೆ. ಕಾಗದದಲ್ಲಿ ಮುಖ ಕಾಣುವುದಿಲ್ಲ. ಕಾಲೇಜಿನಲ್ಲಿ ಮೇಷ್ಟ್ರು ‘ಒಬ್ಬರ ಪ್ರಬಂಧ ಇನ್ನೊಬ್ಬರು ಓದಿ ಪತ್ರ ಬರೆಯಿರಿ’ ಅಂದಾಗ ಬರುವ ಬಹುಪಾಲು ಪತ್ರಗಳು ಅಡ್ಡಿಲ್ಲದ ಪತ್ರಗಳೇ: ‘ಪ್ರಬಂಧ ಚೆನ್ನಾಗಿ ಮೂಡಿಬಂದಿದೆ, ಇನ್ನೂ ಸ್ವಲ್ಪ ವಿವರ ಬೇಕಿತ್ತು, ಕಾಗುಣಿತ ಗಮನಿಸಿ.’ ಇದನ್ನು ಪಡೆದವಳು ತನ್ನ ಬರಹದಲ್ಲಿ ಒಂದು ಸಾಲನ್ನೂ ಬದಲಿಸಲಾರಳು, ಯಾಕೆಂದರೆ ಯಾವ ಸಾಲನ್ನು ಬದಲಿಸಬೇಕು ಅಂತ ಅದರಲ್ಲಿ ಇಲ್ಲ.

ಕವಿತೆಯ ಮೇಲಿನ ಪ್ರಬಂಧಕ್ಕೆ ಉಪಯೋಗಕ್ಕೆ ಬರುವ ಪತ್ರ ಬರೆಯುವುದು ಹೇಗೆ ಅನ್ನುವುದನ್ನು ಇಲ್ಲಿ ಒಂದೇ ಉದಾಹರಣೆ ಹಿಡಿದು ಕೊನೆಯವರೆಗೆ ನೋಡೋಣ. ಕವಿತೆಯಾಗಿ ಅಕ್ಕಮಹಾದೇವಿಯ ಈ ವಚನ ಇರಲಿ. 12ನೇ ಶತಮಾನದ್ದು, ಶಿಕಾರಿಪುರ ತಾಲ್ಲೂಕಿನ ಉಡುತಡಿಯವಳದ್ದು, ಶಾಲೆಯಿಂದಲೂ ಕಿವಿಗೆ ಬಿದ್ದದ್ದು.

ಬೆಟ್ಟದ ಮೇಲೊಂದು ಮನೆಯ ಮಾಡಿ
ಮೃಗಗಳಿಗಂಜಿದಡೆಂತಯ್ಯ?
ಸಮುದ್ರದ ತಡಿಯಲೊಂದು ಮನೆಯ ಮಾಡಿ
ನೊರೆತೆರೆಗಳಿಗಂಜಿದಡೆಂತಯ್ಯ?
ಸಂತೆಯೊಳಗೊಂದು ಮನೆಯ ಮಾಡಿ
ಶಬ್ದಕ್ಕೆ ನಾಚಿದಡೆಂತಯ್ಯ?
ಚೆನ್ನಮಲ್ಲಿಕಾರ್ಜುನದೇವ ಕೇಳಯ್ಯ,
ಲೋಕದೊಳಗೆ ಹುಟ್ಟಿದ ಬಳಿಕ
ಸ್ತುತಿನಿಂದೆಗಳು ಬಂದಡೆ
ಮನದಲ್ಲಿ ಕೋಪವ ತಾಳದೆ
ಸಮಾಧಾನಿಯಾಗಿರಬೇಕು.

(ಸ್ತುತಿನಿಂದೆಯ ವಚನದ ಮೇಲಿನ ಪ್ರಬಂಧಕ್ಕೆ ವಿಮರ್ಶೆ ಬರೆಯುವುದು ತಮಾಷೆಯೇ ಸರಿ. ಆದರೆ ಆ ಸಲಿಗೆಯನ್ನು ಪತ್ರದೊಳಗೆ ಬಳಸಬೇಡಿ. ‘ಅಕ್ಕ ಹೇಳಿದ ಹಾಗೆ ಕೋಪ ಮಾಡಿಕೊಳ್ಳಬೇಡ’ ಅಂತ ಶುರು ಮಾಡಿದರೆ ಕೋಪ ಬರುವುದು ಅಲ್ಲಿಂದಲೇ.)

ಉದಾಹರಣೆಗೆ ಒಂದು ಪ್ರಬಂಧವನ್ನು ಊಹಿಸಿಕೊಳ್ಳಿ. ಬಿ.ಎ. ಎರಡನೇ ವರ್ಷದ ಹುಡುಗಿ ಬರೆದದ್ದು, ಆರು ಪ್ಯಾರಾ, ಕೈಬರಹದಲ್ಲಿ ಮೂರು ಪುಟ. ಮೊದಲ ಪ್ಯಾರಾದಲ್ಲಿ ಅಕ್ಕನ ಬದುಕು: ಉಡುತಡಿ, ಕೌಶಿಕ, ಮನೆ ಬಿಟ್ಟು ಹೊರಟದ್ದು. ಎರಡನೆಯದರಲ್ಲಿ ‘ಅಕ್ಕ ಮಲೆನಾಡಿನವಳು, ಆದ್ದರಿಂದಲೇ ಬೆಟ್ಟ ಮತ್ತು ಮೃಗಗಳ ಚಿತ್ರ ಬಂದಿದೆ’ ಅನ್ನುವ ಮಾತು. ಮೂರನೆಯದು ವಚನದ ಭಾವಾರ್ಥ. ಅದರಲ್ಲಿ ‘ಅಕ್ಕ ಮೂರು ಸಲವೂ ಭಯದ ಬಗ್ಗೆಯೇ ಕೇಳುತ್ತಾಳೆ’ ಎಂದಿದೆ. ನಾಲ್ಕನೆಯದರಲ್ಲಿ ಸಮಾಜದ ನಿಂದೆಯನ್ನು ಅಕ್ಕ ಎದುರಿಸಿದ ಬಗೆ. ಐದನೆಯದರಲ್ಲಿ ಒಂದು ಒಳ್ಳೆಯ ಮಾತು ಅಡಗಿ ಕೂತಿದೆ: ‘ಮೂರು ಸಲವೂ “ಮನೆಯ ಮಾಡಿ” ಎಂದೇ ಇದೆ. ಮನೆ ಕಟ್ಟಿದವರು ಜಾಗವನ್ನು ತಾವೇ ಆರಿಸಿಕೊಂಡಿರುತ್ತಾರೆ.’ ಆರನೆಯದು ‘ಇಂದಿನ ಯುವಜನತೆ ಈ ವಚನದಿಂದ ಕಲಿಯಬೇಕಾದದ್ದು ಬಹಳ’ ಎಂದು ಮುಗಿಯುತ್ತದೆ.

ಮೊದಲು ಕವಿತೆ, ಆಮೇಲೆ ಪ್ರಬಂಧ

ಪ್ರಬಂಧವನ್ನು ಕೈಗೆತ್ತಿಕೊಳ್ಳುವ ಮೊದಲು ವಚನವನ್ನು ನೀವೇ ಓದಬೇಕು. ಹತ್ತು ನಿಮಿಷ ಸಾಕು. ಮೊದಲೇ ಪ್ರಬಂಧ ಓದಿಬಿಟ್ಟರೆ ಅದು ಕಂಡದ್ದು ಮಾತ್ರ ನಿಮಗೂ ಕಾಣುತ್ತದೆ, ಅದು ಬಿಟ್ಟದ್ದು ನಿಮ್ಮ ಕಣ್ಣಿಂದಲೂ ತಪ್ಪುತ್ತದೆ. ಓದುವಾಗ ವಚನವನ್ನು ಕೈಯಾರೆ ಒಂದು ಹಾಳೆಗೆ ಇಳಿಸಿಕೊಳ್ಳಿ, ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ, ಮತ್ತೆ ಮತ್ತೆ ಬರುವ ಪದಕ್ಕೆ ಸುತ್ತು ಹಾಕಿ.

ಈ ವಚನದಲ್ಲಿ ಹಾಗೆ ಮಾಡಿದ ತಕ್ಷಣ ಕಾಣುವುದು ಇಷ್ಟು. ‘ಮನೆಯ ಮಾಡಿ’ ಮೂರು ಸಲ ಇದೆ, ‘ಎಂತಯ್ಯ’ ಮೂರು ಸಲ ಇದೆ. ಆದರೆ ನಡುವಿನ ಕ್ರಿಯಾಪದ ಮೂರೂ ಸಲ ಒಂದೇ ಅಲ್ಲ: ಅಂಜಿದಡೆ, ಅಂಜಿದಡೆ, ನಾಚಿದಡೆ. ಮೃಗಕ್ಕೂ ತೆರೆಗೂ ಹೆದರುವುದು, ಸಂತೆಯ ಗದ್ದಲಕ್ಕೆ ಮಾತ್ರ ನಾಚುವುದು. ಮೂರು ಪ್ರಶ್ನೆಗಳಾದ ಮೇಲೆ ಕೊನೆಗೆ ಪ್ರಶ್ನೆ ನಿಂತು ‘ಇರಬೇಕು’ ಅನ್ನುವ ವಿಧಿ ಬರುತ್ತದೆ. ಅಲ್ಲಿ ‘ಮನೆಯ ಮಾಡಿ’ ಇಲ್ಲ, ‘ಹುಟ್ಟಿದ ಬಳಿಕ’ ಇದೆ. ಮತ್ತೆ, ಬರುವುದು ನಿಂದೆ ಒಂದೇ ಅಲ್ಲ, ಸ್ತುತಿನಿಂದೆ.

ಈ ಟಿಪ್ಪಣಿ ನಿಮ್ಮದೇ ವ್ಯಾಖ್ಯಾನ ಬರೆಯಲಿಕ್ಕಲ್ಲ. ಪ್ರಬಂಧದ ಪ್ರತಿ ಮಾತನ್ನೂ ಒರೆಗೆ ಹಚ್ಚಲು ಇಟ್ಟುಕೊಂಡದ್ದು, ಅಷ್ಟೇ.

ಪೆನ್ನಿಲ್ಲದೆ ಒಮ್ಮೆ, ಪೆನ್ನು ಹಿಡಿದು ಒಮ್ಮೆ

ಪ್ರಬಂಧವನ್ನು ಮೊದಲ ಸಲ ಪೆನ್ನು ಮುಟ್ಟದೆ ಓದಿ. ಪೆನ್ನು ಕೈಯಲ್ಲಿದ್ದರೆ ಅದು ಮೊದಲ ದೀರ್ಘದ ತಪ್ಪಿಗೇ ಹಾರುತ್ತದೆ, ಆಮೇಲೆ ಇಡೀ ಓದು ಕಾಗುಣಿತದ ಬೇಟೆಯಾಗುತ್ತದೆ. ಓದಿ ಮುಗಿದ ಮೇಲೆ ಹಾಳೆ ಮಗುಚಿಟ್ಟು, ‘ಈ ಪ್ರಬಂಧ ಹೇಳುತ್ತಿರುವುದು ಏನೆಂದರೆ...’ ಎಂದು ಶುರು ಮಾಡಿ ಒಂದೇ ವಾಕ್ಯ ಬರೆಯಿರಿ. ನಿಮ್ಮ ಪತ್ರದ ಅತ್ಯಂತ ಬೆಲೆಬಾಳುವ ವಾಕ್ಯ ಅದು. ಬರೆದವಳಿಗೆ ತಾನು ಏನು ಹೇಳಲು ಹೊರಟೆ ಅಂತ ಗೊತ್ತಿರುತ್ತದೆ. ಓದುವವರಿಗೆ ಏನು ತಲುಪಿತು ಅನ್ನುವುದು ಅವಳಿಗೆ ಗೊತ್ತಾಗುವುದು ಇದೊಂದರಿಂದಲೇ. ಆ ವಾಕ್ಯ ಬರೆಯಲು ಆಗಲೇ ಇಲ್ಲವೆಂದರೆ ಅದೂ ಹೇಳಬೇಕಾದ ಸಂಗತಿಯೇ.

ಎರಡನೇ ಸಲ ಪೆನ್ಸಿಲ್ ಹಿಡಿದು, ಪ್ರತಿ ವಾಕ್ಯದ ಪಕ್ಕ ಒಂದು ಅಕ್ಷರ ಹಾಕಿ. ವಚನದ ಪದಗಳಿಂದಲೇ ಹೊರಟ ಮಾತಾದರೆ ‘ಪ’, ಕವಿಯ ಬದುಕು ಅಥವಾ ಕಾಲದ ಬಗೆಗಿನ ಮಾತಾದರೆ ‘ಹಿ’ (ಹಿನ್ನೆಲೆ), ಯಾವ ಕವಿತೆಗೂ ಅಂಟಿಸಬಹುದಾದ ಮಾತಾದರೆ ‘ಸಾ’ (ಸಾಮಾನ್ಯ). ನಮ್ಮ ಉದಾಹರಣೆಯಲ್ಲಿ ಮೊದಲ ಎರಡು ಪ್ಯಾರಾ ಪೂರ್ತಿ ‘ಹಿ’, ಕೊನೆಯದು ಪೂರ್ತಿ ‘ಸಾ’, ನಾಲ್ಕನೆಯದರ ಮುಕ್ಕಾಲು ಮತ್ತೆ ‘ಹಿ’. ‘ಪ’ ಸಿಗುವುದು ಮೂರು ಮತ್ತು ಐದರಲ್ಲಿ ಮಾತ್ರ. ಅಲ್ಲಿಗೆ ಪ್ರಬಂಧದ ಕಾಯಿಲೆ ಏನೆಂದು ಗೊತ್ತಾಯಿತು: ಅದು ಅಕ್ಕನ ಬಗ್ಗೆ ಇದೆ, ಅಕ್ಕನ ಈ ವಚನದ ಬಗ್ಗೆ ಕಡಿಮೆ ಇದೆ. ವಚನಗಳ ಮೇಲಿನ ವಿದ್ಯಾರ್ಥಿ ಪ್ರಬಂಧಗಳಲ್ಲಿ ಇದು ಮಾಮೂಲು. ವಚನಕಾರರ ಬದುಕಿನ ಕತೆ ಎಲ್ಲರಿಗೂ ಬಾಯಿಪಾಠ, ಹಾಗಾಗಿ ಪೆನ್ನು ತಾನಾಗಿ ಅತ್ತ ಓಡುತ್ತದೆ. ಕೌಶಿಕನ ಜೊತೆಗಿನ ಮದುವೆಯ ಕತೆ ಹರಿಹರನ ರಗಳೆಯಲ್ಲಿದೆ, ಈ ವಚನದಲ್ಲಿ ಅದರ ಸುಳಿವೂ ಇಲ್ಲ.

ಮೂರನ್ನು ಆರಿಸಿ, ಉಳಿದದ್ದನ್ನು ಬಿಡಿ

ಈಗ ನಿಮ್ಮ ಬಳಿ ಹತ್ತು ಹನ್ನೆರಡು ಆಕ್ಷೇಪಗಳಿರುತ್ತವೆ. ಪತ್ರಕ್ಕೆ ಹೋಗಬೇಕಾದದ್ದು ಮೂರು. ಹನ್ನೆರಡು ಕಳಿಸಿದರೆ ಅವಳು ಸುಲಭವಾದ ಒಂಬತ್ತನ್ನು ತಿದ್ದುತ್ತಾಳೆ. ಕಷ್ಟದ್ದು, ಅಂದರೆ ನಿಜವಾಗಿ ಬೇಕಾದದ್ದು, ಹಾಗೇ ಉಳಿಯುತ್ತದೆ. ಆರಿಸುವ ಅಳತೆ ಒಂದೇ: ಇದನ್ನು ಸರಿ ಮಾಡಿದರೆ ಪ್ರಬಂಧದ ವಾದ ಬದಲಾಗುತ್ತದೆಯೇ? ‘ಅಂಜಿದಡೆ’ಯನ್ನು ಅವಳು ‘ಅಂಜಿದರೆ’ ಅಂತ ಈಗಿನ ಕನ್ನಡಕ್ಕೆ ತಿರುಗಿಸಿ ಬರೆದಿರಬಹುದು, ಕೇಳಿದ ಹಾಡಿನ ನೆನಪಿನಿಂದ ಸಾಲು ಎತ್ತಿಕೊಂಡಾಗ ಹಾಗಾಗುತ್ತದೆ. ತಪ್ಪೇ, ಆದರೆ ಪತ್ರದ ಕೊನೆಯಲ್ಲಿ ಒಂದು ಸಾಲು ಸಾಕು. ಕಾಗುಣಿತವನ್ನು ಪೆನ್ಸಿಲ್‌ನಲ್ಲಿ ಅವಳ ಹಾಳೆಯ ಮೇಲೇ ಗುರುತು ಮಾಡಿಕೊಡಿ, ಪತ್ರಕ್ಕೆ ತರಬೇಡಿ.

ಇಲ್ಲಿ ಆರಿಸಬೇಕಾದ ಮೂರು ಯಾವುವು? ಐದನೇ ಪ್ಯಾರಾದ ಮಾತು ಹಿಂದೆ ಸಿಕ್ಕಿಹಾಕಿಕೊಂಡಿರುವುದು ಒಂದು. ‘ಮೂರು ಸಲವೂ ಭಯ’ ಅನ್ನುವ ತಪ್ಪು ಓದು ಎರಡು. ‘ಸ್ತುತಿ’ಯನ್ನು ಕೈಬಿಟ್ಟದ್ದು ಮೂರು. ಮಲೆನಾಡಿನ ಬೆಟ್ಟದ ಮಾತು ಮೊದಲನೆಯದರೊಳಗೇ ಸೇರಿಹೋಗುತ್ತದೆ.

ಆಕ್ಷೇಪ ಬರೆಯುವ ಮುಂಚೆ ಅದು ಸರಿಯೇ ಎಂದು ನೋಡಿಕೊಳ್ಳಿ. ಈ ವಚನದಲ್ಲೇ ಒಂದು ಗುಂಡಿ ಇದೆ. ಪ್ರಬಂಧದಲ್ಲಿ ‘ಕೋಪವ ತಾಳದೆ’ ಅನ್ನುವುದಕ್ಕೆ ‘ಕೋಪ ಮಾಡಿಕೊಳ್ಳದೆ’ ಎಂದು ಅರ್ಥ ಬರೆದಿದೆ ಅನ್ನಿ. ‘ತಾಳು’ ಅಂದರೆ ಸಹಿಸು ಅಲ್ಲವೇ, ಹಾಗಾದರೆ ‘ಕೋಪ ತಡೆಯಲಾರದೆ’ ಎಂದಾಗಬೇಕು, ಇವಳು ತಪ್ಪಿದ್ದಾಳೆ ಎಂದು ಅನ್ನಿಸುವುದು ಸಹಜ. ಆದರೆ ತಾಳು ಅನ್ನುವುದಕ್ಕೆ ಹೊಂದು, ಧರಿಸು ಅನ್ನುವ ಅರ್ಥವೂ ಇದೆ. ಈಗಲೂ ನಾವು ‘ಮೌನ ತಾಳಿದ’, ‘ರೂಪ ತಾಳಿತು’ ಅನ್ನುತ್ತೇವೆ. ಅವಳು ಸರಿ, ತಪ್ಪಿದ್ದು ನೀವು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಕಾಲೇಜಿನ ಲೈಬ್ರರಿಯಲ್ಲಿದ್ದರೆ, ಹಳೆಯ ಪದದ ಮೇಲೆ ಆಕ್ಷೇಪ ಎತ್ತುವ ಮೊದಲು ಅದನ್ನೊಮ್ಮೆ ತೆಗೆದು ನೋಡಿ. ಹೀಗೆ ಒಂದು ತಪ್ಪು ಆಕ್ಷೇಪ ಪತ್ರದೊಳಗೆ ಹೋದರೆ ಸರಿಯಾದ ಉಳಿದೆರಡನ್ನೂ ಅವಳು ನಂಬುವುದಿಲ್ಲ.

ಪತ್ರ

ಉದ್ದ ಒಂದೂವರೆ ಪುಟ ಮೀರದಿರಲಿ. ಸಹಪಾಠಿಗೆ ‘ನೀನು’ ಅಂತಲೇ ಬರೆಯಿರಿ. ದಿನಾ ‘ಏನೇ’ ಅನ್ನುವವಳಿಗೆ ಕಾಗದದಲ್ಲಿ ದಿಢೀರನೆ ‘ತಾವು’ ಅಂದರೆ ಅದು ಗೌರವದ ಹಾಗೆ ಕೇಳುವುದಿಲ್ಲ, ಮುನಿಸಿನ ಹಾಗೆ ಕೇಳುತ್ತದೆ. ಪರಿಚಯವಿಲ್ಲದ ಬೇರೆ ವಿಭಾಗದವರಾದರೆ ‘ನೀವು’ ಇರಲಿ. ಪ್ರತಿ ಆಕ್ಷೇಪದಲ್ಲೂ ಮೂರು ಸಂಗತಿ ಬರಬೇಕು: ಪ್ರಬಂಧದ ಯಾವ ಜಾಗ, ವಚನದ ಯಾವ ಪದ, ಆ ಎರಡರ ನಡುವೆ ಓದುವಾಗ ಏನಾಯಿತು. ನಮ್ಮ ಉದಾಹರಣೆಗೆ ಪತ್ರ ಹೀಗಿರಬಹುದು.

“ಪ್ರಿಯ ಗೆಳತಿ,

ನಿನ್ನ ಪ್ರಬಂಧವನ್ನು ಎರಡು ಸಲ ಓದಿದೆ. ಓದಿ ಮುಚ್ಚಿಟ್ಟ ಮೇಲೆ ನನಗೆ ಉಳಿದದ್ದು ಇದು: ಇರುವ ಜಾಗವನ್ನು ನಾವೇ ಆರಿಸಿಕೊಂಡ ಮೇಲೆ ಆ ಜಾಗದ ತೊಂದರೆಗೆ ಗೊಣಗಬಾರದು ಅನ್ನುವುದು ಈ ವಚನದ ತರ್ಕ. ನೀನು ಹೇಳಲು ಹೊರಟದ್ದು ಇದಲ್ಲ ಅಂತಾದರೆ ಮೊದಲು ಅದನ್ನೇ ಹೇಳು. ಮುಂದೆ ಬರೆದದ್ದೆಲ್ಲ ಇದನ್ನು ನಂಬಿ ಬರೆದದ್ದು.

ಐದನೇ ಪ್ಯಾರಾದಲ್ಲಿ ‘ಮನೆಯ ಮಾಡಿ’ ಮೂರು ಸಲ ಬರುವುದನ್ನು ಹಿಡಿದಿದ್ದೀಯಲ್ಲ, ಅದು ನನಗೆ ಹೊಳೆದಿರಲಿಲ್ಲ. ನಾನು ಮೃಗ, ತೆರೆ, ಶಬ್ದಗಳನ್ನೇ ನೋಡುತ್ತಿದ್ದೆ, ಮನೆಯನ್ನು ನೋಡಿರಲಿಲ್ಲ. ಪ್ರಬಂಧ ನಿಜವಾಗಿ ಶುರುವಾಗುವುದು ಅಲ್ಲಿಂದ. ಆದರೆ ಅಲ್ಲಿಗೆ ಬರುವಷ್ಟರಲ್ಲಿ ಎರಡು ಪುಟ ಮುಗಿದಿರುತ್ತದೆ. ಮೊದಲ ಪ್ಯಾರಾದ ಜೀವನಚರಿತ್ರೆಯಲ್ಲಿ ಯಾವ ವಾಕ್ಯ ತೆಗೆದರೆ ಐದನೇ ಪ್ಯಾರಾದ ಮಾತು ಬಿದ್ದುಹೋಗುತ್ತದೆ ಅಂತ ಹುಡುಕಿದೆ, ಒಂದೂ ಸಿಗಲಿಲ್ಲ. ಎರಡನೇ ಪ್ಯಾರಾದಲ್ಲಿ ಬೆಟ್ಟ ಅಕ್ಕನ ಊರಿನಿಂದ ಬಂತು ಅಂದಿದ್ದೀಯ. ಹಾಗಾದರೆ ಸಮುದ್ರ ಎಲ್ಲಿಂದ ಬಂತು? ಶಿಕಾರಿಪುರದ ಕಡೆಯಿಂದ ಸಮುದ್ರ ನೋಡಬೇಕಾದರೆ ಘಟ್ಟ ಇಳಿಯಬೇಕು.

ಮೂರನೇ ಪ್ಯಾರಾದಲ್ಲಿ ‘ಮೂರು ಸಲವೂ ಭಯ’ ಎಂದಿದೆ. ಇಲ್ಲಿ ನಾನು ನಿಂತುಬಿಟ್ಟೆ, ಯಾಕೆಂದರೆ ಮೂರನೆಯದು ‘ನಾಚಿದಡೆ’. ಕಾಡುಮೃಗಕ್ಕೆ ಯಾರೂ ನಾಚುವುದಿಲ್ಲ. ನಾಚಿಕೆ ಆಗುವುದು ಜನರ ನಡುವೆ. ಆ ಪದ ಬದಲಾದದ್ದರಿಂದಲೇ ವಚನ ಕಾಡು, ಕಡಲು ದಾಟಿ ಊರೊಳಗೆ ಬರುತ್ತದೆ ಅಂತ ನನಗೆ ಅನ್ನಿಸಿತು. ನಿನಗೆ ಬೇರೆ ಕಾರಣ ಕಾಣಬಹುದು. ಆದರೆ ಪದ ಬದಲಾಗಿದೆ ಅನ್ನುವುದನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ.

ನಾಲ್ಕನೇ ಪ್ಯಾರಾ ನಿಂದೆಯ ಬಗ್ಗೆ ಮಾತ್ರ ಇದೆ. ವಚನದಲ್ಲಿ ಇರುವುದು ಸ್ತುತಿನಿಂದೆ. ಬೈದರೆ ಕೋಪ ಬರುತ್ತದೆ, ಸರಿ. ಹೊಗಳಿದರೆ ಯಾಕೆ ಕೋಪ ಬರಬೇಕು? ಇದಕ್ಕೆ ಉತ್ತರ ನನ್ನ ಹತ್ತಿರವೂ ಇಲ್ಲ. ನೀನು ಬರೆದರೆ ಆ ಪ್ಯಾರಾ ಎಲ್ಲರ ಪ್ರಬಂಧದಲ್ಲೂ ಇರುವಂಥದ್ದಾಗಿ ಉಳಿಯುವುದಿಲ್ಲ.

ಒಂದು ಪ್ರಶ್ನೆ ಉಳಿಯಿತು. ಮನೆಯನ್ನು ನಾವು ಆರಿಸಿಕೊಂಡು ಕಟ್ಟುತ್ತೇವೆ ಅನ್ನುವುದು ನಿನ್ನ ವಾದ. ಆದರೆ ಕೊನೆಗೆ ಅಕ್ಕ ‘ಲೋಕದೊಳಗೆ ಹುಟ್ಟಿದ ಬಳಿಕ’ ಅನ್ನುತ್ತಾಳೆ. ಹುಟ್ಟನ್ನು ಯಾರೂ ಆರಿಸಿಕೊಳ್ಳುವುದಿಲ್ಲವಲ್ಲ? ಇದು ನಿನ್ನ ವಾದವನ್ನು ಮುರಿಯುತ್ತದೋ ಗಟ್ಟಿ ಮಾಡುತ್ತದೋ ಯೋಚಿಸು.

ವಚನದ ಸಾಲುಗಳನ್ನು ಒಮ್ಮೆ ಪಠ್ಯದ ಜೊತೆ ಇಟ್ಟು ನೋಡು, ‘ಅಂಜಿದಡೆ’ ಎರಡು ಕಡೆ ‘ಅಂಜಿದರೆ’ ಆಗಿದೆ. ಉಳಿದ ಸಣ್ಣಪುಟ್ಟವು ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿವೆ.

ನಿನ್ನ ಗೆಳತಿ”

ಪತ್ರದಲ್ಲಿ ಹೊಗಳಿಕೆ ಒಂದೇ ಕಡೆ ಇದೆ, ಅದೂ ಜಾಗ ಹೆಸರಿಸಿ. ಮೊದಲಿಗೆ ನಾಲ್ಕು ಸಿಹಿಮಾತು, ಆಮೇಲೆ ‘ಆದರೆ’, ಕೊನೆಗೆ ಮತ್ತೆ ಸಿಹಿ ಅನ್ನುವ ಪದ್ಧತಿಯನ್ನು ಕಲಿಸುವವರಿದ್ದಾರೆ. ಓದುವವಳು ಆ ‘ಆದರೆ’ಗಾಗಿಯೇ ಕಾಯುತ್ತಿರುತ್ತಾಳೆ, ಅದಕ್ಕೆ ಮುಂಚಿನ ಒಂದು ಮಾತೂ ಅವಳ ಕಿವಿಗೆ ಬೀಳುವುದಿಲ್ಲ. ಐದನೇ ಪ್ಯಾರಾ ಚೆನ್ನಾಗಿದೆ ಎಂದಿದ್ದು ಸಮಾಧಾನಕ್ಕಲ್ಲ. ಪ್ರಬಂಧವನ್ನು ಮತ್ತೆ ಎಲ್ಲಿಂದ ಕಟ್ಟಬೇಕು ಎಂದು ಅವಳಿಗೆ ಗೊತ್ತಾಗಬೇಕು, ಅದಕ್ಕೆ. ಹಾಗೆಯೇ ಆರನೇ ಪ್ಯಾರಾದ ಯುವಜನತೆಯ ಬಗ್ಗೆ ಪತ್ರದಲ್ಲಿ ಒಂದಕ್ಷರವೂ ಇಲ್ಲ. ಮೇಲಿನದೆಲ್ಲ ಸರಿಯಾದರೆ ಆ ಪ್ಯಾರಾಕ್ಕೆ ಜಾಗವೇ ಉಳಿಯುವುದಿಲ್ಲ.

ಕೆಡುವ ಜಾಗಗಳು

ಅತಿ ಹೆಚ್ಚು ಕೆಡುವುದು, ವಿಮರ್ಶೆ ಮಾಡುವವರು ಪ್ರಬಂಧವನ್ನು ತಾವೇ ಬರೆಯಲು ಹೊರಟಾಗ. ‘ನಾಚಿಕೆ ಆಗುವುದು ಜನರ ನಡುವೆ’ ಅನ್ನುವ ವಾಕ್ಯ ಮೇಲಿನ ಪತ್ರದಲ್ಲಿ ಗಡಿಯ ಮೇಲೆ ನಿಂತಿದೆ. ಅಷ್ಟಕ್ಕೆ ನಿಲ್ಲಿಸಿ ‘ನಿನಗೆ ಬೇರೆ ಕಾರಣ ಕಾಣಬಹುದು’ ಎಂದು ಬಿಟ್ಟುಕೊಟ್ಟದ್ದರಿಂದ ಸರಿಹೋಯಿತು. ಅಲ್ಲಿಂದ ಮುಂದೆ ನಾಚಿಕೆಯ ಮೇಲೆ ಇನ್ನೂ ಹತ್ತು ಸಾಲು ಬರೆದಿದ್ದರೆ ಅವಳು ಅದನ್ನೇ ಇಳಿಸಿಕೊಳ್ಳುತ್ತಾಳೆ; ಇಂಟರ್ನಲ್ಸ್‌ಗೆ ಒಪ್ಪಿಸುವ ಪ್ರಬಂಧ ಅರ್ಧ ನಿಮ್ಮದಾಗುತ್ತದೆ. ನಿಮ್ಮ ಪತ್ರದ ಒಂದು ವಾಕ್ಯವನ್ನು ಎತ್ತಿ ಪ್ರಬಂಧದಲ್ಲಿ ಹಾಗೇ ಕೂರಿಸಬಹುದು ಅನ್ನಿಸಿದರೆ ಆ ವಾಕ್ಯವನ್ನು ಪ್ರಶ್ನೆಯಾಗಿ ತಿರುಗಿಸಿ.

ಇನ್ನೊಂದು, ಮಾತನ್ನು ಬರೆದವಳ ಮೇಲೆ ಹಾಕುವುದು. ‘ನೀನು ಸರಿಯಾಗಿ ಓದಿಲ್ಲ’ ಎಂದರೆ ಅವಳು ಓದಿದ್ದಾಳೆ ಎಂದು ಸಾಧಿಸಲು ಹೊರಡುತ್ತಾಳೆ. ‘ಮೂರನೆಯದು ನಾಚಿದಡೆ’ ಎಂದರೆ ಸಾಧಿಸಲು ಏನೂ ಇಲ್ಲ, ವಚನ ತೆಗೆದು ನೋಡಬೇಕು ಅಷ್ಟೇ. ಹಾಗಂತ ಮಾತನ್ನು ತೀರಾ ಮೆತ್ತಗೆ ಮಾಡಿ ‘ಬಹುಶಃ ಇದನ್ನೂ ಸ್ವಲ್ಪ ಗಮನಿಸಬಹುದೇನೋ’ ಅಂದರೆ ತಪ್ಪು ತಪ್ಪಲ್ಲದ ಹಾಗೆ ಕಾಣುತ್ತದೆ. ವಚನದಲ್ಲಿ ಇರುವ ಪದದ ವಿಷಯಕ್ಕೆ ‘ಬಹುಶಃ’ ಬೇಡ. ಅದರ ಅರ್ಥದ ವಿಷಯಕ್ಕೆ ಇರಲಿ.

ಬರೆದ ಮೇಲೆ ರಾತ್ರಿ ಕಳೆಯಲು ಬಿಡಿ. ಬೆಳಿಗ್ಗೆ ಗಟ್ಟಿಯಾಗಿ ಓದಿ. ಎದುರಿಗೆ ಕೂತು ಹೇಳಲು ನಾಲಿಗೆ ತಡವರಿಸುವ ವಾಕ್ಯ ಸಿಕ್ಕರೆ ಅದನ್ನು ತಿದ್ದಿ. ಪತ್ರವನ್ನು ಕ್ಲಾಸಿನಲ್ಲಿ ಎಲ್ಲರ ಮುಂದೆ ಕೊಡಬೇಡಿ. ಕೊಟ್ಟ ಕೂಡಲೇ ಚರ್ಚೆಗೂ ಕೂರಬೇಡಿ. ಅವಳು ಒಂದು ದಿನ ಇಟ್ಟುಕೊಂಡು ಓದಲಿ, ಆಮೇಲೆ ಕ್ಯಾಂಟೀನಿನಲ್ಲಿ ಹತ್ತು ನಿಮಿಷ ಸಾಕು. ಆಗ ಮೊದಲು ಮಾತಾಡಬೇಕಾದವಳು ಅವಳು, ಮೊದಲು ತೀರ್ಮಾನವಾಗಬೇಕಾದದ್ದು ಪತ್ರದ ಮೊದಲ ಪ್ಯಾರಾ: ನೀವು ಅರ್ಥ ಮಾಡಿಕೊಂಡದ್ದೇ ಅವಳು ಹೇಳಹೊರಟದ್ದೇ, ಅಲ್ಲವೇ. ಅಲ್ಲ ಎಂದರೆ ಪತ್ರವನ್ನು ಪಕ್ಕಕ್ಕಿಟ್ಟು, ಅವಳು ಹೇಳಹೊರಟದ್ದನ್ನು ಬಾಯಲ್ಲಿ ಹೇಳಿಸಿ, ಆ ಮಾತನ್ನು ಇಬ್ಬರೂ ಕೂಡಿ ಹಾಳೆಯಲ್ಲಿ ಹುಡುಕಿ. ಹೆಚ್ಚಿನ ಸಲ ಅದು ಹಾಳೆಯಲ್ಲಿ ಇರುವುದಿಲ್ಲ. ಬಾಯಲ್ಲಿ ಹೇಳಿದ್ದನ್ನು ಅವಳು ಅಲ್ಲೇ ಬರೆದುಕೊಳ್ಳಲಿ.

ತಿದ್ದಿದ ಪ್ರತಿ ಬಂದಾಗ ಆ ಮೂರು ಜಾಗಗಳನ್ನು ಮಾತ್ರ ನೋಡಿ. ಅವಳು ನಿಮ್ಮ ಮಾತು ಒಪ್ಪದೆ, ‘ನಾಚುವುದೂ ಒಂದು ಬಗೆಯ ಅಂಜಿಕೆಯೇ’ ಎಂದು ಕಾರಣ ಕೊಟ್ಟು ಬರೆದಿದ್ದರೆ ಅದನ್ನು ಮತ್ತೆ ಕೆದಕಬೇಡಿ. ಪದ ಬದಲಾದದ್ದನ್ನು ಅವಳು ನೋಡಿದ್ದಾಳೆ, ನೋಡಿ ತನ್ನ ಓದನ್ನು ಆರಿಸಿಕೊಂಡಿದ್ದಾಳೆ.